ತಂತಿ ಕಟ್ಟಿದ ಬಾಯಿಗೆ ಪ್ರೋಟೀನ್ ಪುಡಿ

ಮಂಗಳೂರಿನ ಕದ್ರಿಯ ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕ್ ಹಿಡಿಯದೆ ನನ್ನ ಗಂಡ ಮೋರಿಯ ಕಟ್ಟೆಗೆ ಬಡಿದು ಬಿದ್ದಾಗ ನಮಗೆ ಮದುವೆಯಾಗಿ ಎರಡು ವರ್ಷ. ಅರುವತ್ತರ ದಶಕದ ಮೊದಲ ವರ್ಷಗಳು. ನಾನು ಶಾಲೆಯಲ್ಲಿ ಟೀಚರ್, ಅವರು ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಕೆಳದವಡೆ ಎರಡು ಕಡೆ ಮುರಿದಿತ್ತು. ಕಂಕನಾಡಿಯ ಆಸ್ಪತ್ರೆಯಲ್ಲಿ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ತಂತಿಯಿಂದ ಸೇರಿಸಿ ಕಟ್ಟಿದರು. ಆರು ವಾರ ಬಾಯಿ ತೆರೆಯುವಂತಿಲ್ಲ. ಬಿದ್ದಾಗ ಉದುರಿದ ದವಡೆ ಹಲ್ಲಿನ ಸಂದಿನಿಂದ ಸಣ್ಣ ರಬ್ಬರ್ ನಳಿಗೆ ತೂರಿಸಿ ನೀರಾಗಿರುವುದನ್ನಷ್ಟೇ ಕುಡಿಸಬೇಕು.

ಗಂಜಿ ತಿಳಿ, ಹಾಲು, ಹಣ್ಣಿನ ರಸ. ಎರಡನೇ ವಾರಕ್ಕೆ ಅವರ ತೋಳು ನನ್ನ ತೋಳಿಗಿಂತ ಸಣ್ಣದಾಯಿತು. ಡಾಕ್ಟರು ಒಂದು ಡಬ್ಬಿ ಬರೆದುಕೊಟ್ಟರು. ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ. "ಇದು ಹೊಟ್ಟೆಗೆ ಹೋಗದಿದ್ದರೆ ಎಲುಬು ಕೂಡುವುದಿಲ್ಲ," ಎಂದರು.

ಮೊದಲ ದಿನ ಲೋಟಕ್ಕೆ ಪುಡಿ ಹಾಕಿ ಕುದಿಯುವ ನೀರು ಸುರಿದೆ. ಪುಡಿ ಗಂಟು ಗಂಟಾಯಿತು. ಚಮಚದಿಂದ ಒತ್ತಿದರೆ ಗಂಟಿನ ಮೇಲ್ಮೈ ಅಂಟಂಟು, ಒಳಗೆ ಒಣ ಪುಡಿ. ಅದನ್ನೇ ಕುಡಿಸಲು ಹೋದೆ. ನಳಿಗೆ ಕಟ್ಟಿಕೊಂಡಿತು. ಅವರು ಕೆಮ್ಮಲಾರದೆ ಕಣ್ಣಲ್ಲಿ ನೀರು ತಂದುಕೊಂಡರು.

ಮರುದಿನ ಮನೆಯಿಂದ ಮೊಟ್ಟೆ ಕಡೆಯುವ ಬೀಟರ್ ತಂದೆ. ಕೈ ಸೋಲುವವರೆಗೆ ತಿರುಗಿಸಿದೆ. ಗಂಟು ಕಾಣಲಿಲ್ಲ, ಆದರೆ ಲೋಟದ ತುಂಬ ನೊರೆ. ಇಳಿಯಲಿ ಎಂದು ಕಾದರೂ ಇಳಿಯಲಿಲ್ಲ. ಹಾಗೆಯೇ ಕುಡಿಸಿದೆ. ಕಾಲು ಗಂಟೆಯೊಳಗೆ ಅವರ ಹೊಟ್ಟೆ ಉಬ್ಬಿತು, ಮುಖ ಬಿಳುಚಿತು, ಓಕರಿಕೆ ಶುರುವಾಯಿತು. ಕಟ್ಟಿದ ಬಾಯಿಯಲ್ಲಿ ವಾಂತಿಯಾದರೆ ಶ್ವಾಸಕ್ಕೆ ಹೋಗುತ್ತದೆ. ತಂತಿ ಕತ್ತರಿಸಲೆಂದು ಮಂಚದ ತಲೆಗೆ ಒಂದು ಕಟ್ಟರ್ ನೇತುಹಾಕಿದ್ದರು. ನರ್ಸ್ ಓಡಿಬಂದು ಅವರನ್ನು ಮಗ್ಗುಲಿಗೆ ಹೊರಳಿಸಿ, ಕಟ್ಟರನ್ನು ಕೈಯಲ್ಲಿ ಹಿಡಿದೇ ನಿಂತರು. ನಾನು ಮಂಚದ ಕಂಬಿ ಹಿಡಿದು ದೇವರನ್ನು ಕರೆಯುವುದನ್ನೂ ಮರೆತಿದ್ದೆ. ಗಾಳಿ ತೇಗಾಗಿ ಹೊರಬಂತು. ವಾಂತಿ ಆಗಲಿಲ್ಲ.

ಆಮೇಲೆ ನನ್ನ ಗಂಡ, ಮಾತಿನ ಬದಲಿಗೆಂದು ಕೊಟ್ಟಿದ್ದ ಸ್ಲೇಟಿನಲ್ಲಿ ಬರೆದರು: ಇನ್ನು ಬೇಡ. ಎರಡು ದಿನ ಲೋಟ ಕಂಡರೆ ಗೋಡೆಗೆ ತಿರುಗಿದರು. ಅವರು ಹಸಿವಿನಿಂದಲೇ ಸಾಯುತ್ತಾರೆ, ಅದೂ ನನ್ನ ಕೈಯಿಂದ ಎಂದು ನನಗೆ ಖಚಿತವಾಗಿಬಿಟ್ಟಿತು.

ವಾರ್ಡಿನ ಹೊರಗೆ ಬಿಸಿನೀರು ಕಾಯಿಸುವ ಸಣ್ಣ ಕೋಣೆ ಇತ್ತು. ಅಲ್ಲಿ ನಾನು ಮತ್ತೆ ಕೆಟಲ್ ಎತ್ತಿದಾಗ ಪಕ್ಕದ ಮಂಚದ ಹುಡುಗನ ತಾಯಿ, ಬಂದರಿನ ಕಡೆಯ ಬ್ಯಾರಿ ಮುಸಲ್ಮಾನ ಹೆಂಗಸು, ನನ್ನ ಕೈ ಹಿಡಿದರು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

"ಬಾಯಮ್ಮ, ಕುದಿಯುವ ನೀರು ಎಂತಕ್ಕೆ? ರಾಗಿಹಿಟ್ಟಿಗೆ ಹೀಗೆ ಹಾಕ್ತೀರಾ?"

"ಇದು ಹಿಟ್ಟಲ್ಲ, ಮದ್ದು."

"ಪುಡಿ ಪುಡಿಯೇ. ಮೊದಲು ತಣ್ಣೀರು."

ಕುದಿಸಿ ಆರಿಸಿದ ನೀರನ್ನು ಎರಡು ಚಮಚದಷ್ಟೇ ಬಟ್ಟಲಿಗೆ ಹಾಕಿಸಿದರು. ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ, ಚಮಚದ ಬೆನ್ನಿನಿಂದ ಅರೆಯುತ್ತ, ಬೇಕಾದಷ್ಟೇ ನೀರು ಸೇರಿಸಿ ಗಟ್ಟಿ ಪೇಸ್ಟ್ ಮಾಡಿಸಿದರು. ಬಾಗಿಲಲ್ಲಿ ನಿಂತಿದ್ದ ನರ್ಸ್ ಹೇಳಿದರು, "ಅವರು ಹೇಳೋದು ಸರಿ ಉಂಟು. ಬಿಸಿನೀರು ಬಿದ್ದ ಕೂಡಲೆ ಪುಡಿಯ ಹೊರಭಾಗ ಉಬ್ಬಿ ಗೋಂದಿನ ಹಾಗೆ ಮುಚ್ಚಿಕೊಳ್ತದೆ. ಒಳಗೆ ನೀರು ಹೋಗುವುದಿಲ್ಲ. ಹತ್ತು ನಿಮಿಷ ನೆನೆಯಲಿ."

"ನೊರೆ?" ಎಂದೆ.

"ಕಡೆದರೆ ಗಾಳಿ ಸೇರ್ತದೆ. ಪ್ರೋಟೀನ್ ಆ ಗಾಳಿಯ ಸುತ್ತ ಪೊರೆ ಕಟ್ತದೆ, ಬಿಡುವುದಿಲ್ಲ. ಚಮಚ ಮೇಲೆ ಎತ್ತದೆ ಮೆಲ್ಲ ತಿರುಗಿಸಿ," ಎಂದರು ನರ್ಸ್.

ಉಗುರುಬೆಚ್ಚಗಿನ ಹಾಲನ್ನು ಚಮಚ ಚಮಚವಾಗಿ ಸೇರಿಸಿದೆ. ಸ್ವಲ್ಪ ಹೊತ್ತು ಇಟ್ಟು, ಮೇಲೆ ಬಂದ ನೊರೆ ತೆಗೆದು, ತೆಳು ಮಲ್ ಬಟ್ಟೆಯಲ್ಲಿ ಸೋಸಿದೆ. ಬಟ್ಟೆಯಲ್ಲಿ ಕಾಳಿನಷ್ಟು ಸಣ್ಣ ಒಂದೆರಡು ಗಂಟು ಮಾತ್ರ ಉಳಿದವು.

ನನ್ನ ಗಂಡ ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದರು. ನಾನು ಅವರ ಮುಖದ ಕಡೆಗೆ ಬಾಗಿ, ಕಣ್ಣೆದುರಲ್ಲೇ ಅದೇ ನಳಿಗೆಯಿಂದ ಒಂದು ಗುಟುಕು ಎಳೆದು ನುಂಗಿದೆ. ನಳಿಗೆಯನ್ನು ಬಿಸಿನೀರಲ್ಲಿ ತೊಳೆದು ಚಾಚಿದೆ. ಬಹಳ ಹೊತ್ತಿನ ಮೇಲೆ ತೆಗೆದುಕೊಂಡರು. ಲೋಟ ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನನ್ನ ಕಣ್ಣು ಅವರ ಹೊಟ್ಟೆಯ ಮೇಲೆಯೇ ಇತ್ತು.

ಆ ದಿನದಿಂದ ದಿನಕ್ಕೆ ಮೂರು ಲೋಟ. ಪ್ರತಿ ಸಲವೂ ಕಟ್ಟರ್ ಜಾಗದಲ್ಲಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ, ಒಮ್ಮೆಯೂ ಧೈರ್ಯ ಬರಲಿಲ್ಲ. ಆರು ವಾರಕ್ಕೆ ತಂತಿ ಬಿಚ್ಚಿದಾಗ ಎಲುಬು ಕೂಡಿತ್ತು, ಸ್ವಲ್ಪ ಓರೆಯಾಗಿ. ಅವರು ಮೊದಲು ಮಾತಾಡಿದ್ದು ಹೀಗೆ: "ನೀನು ಹತ್ತಿರ ಬರುವಾಗ ನನಗೆ ಹೆದರಿಕೆ ಆಗ್ತಿತ್ತು."

"ನನಗೂ," ಎಂದೆ. ಇಬ್ಬರೂ ಅತ್ತೆವು.