ಟೊಂಕ ಕೇಳಿರಲಿಲ್ಲ

ನಮ್ಮ ಶಾಲೆಯ ಒಂದು ಮಗುವಿಗೂ ಬೆನ್ನು ನೋವಿಲ್ಲ ಎಂಬುದು ಒಂದು ವಾರದ ಮಟ್ಟಿಗೆ ಸಾಬೀತಾಗಿತ್ತು. ಸಾಬೀತು ಮಾಡಿದವನು ನಾನೇ. ಬೇವೂರಿನ ಆಚೆಯ ಒಂದು ಹಳ್ಳಿಯಲ್ಲಿ ನಾನು ವಿಜ್ಞಾನ ಮಾಸ್ತರು.

ಏಳನೆಯ ತರಗತಿಯವರು ಸಮೀಕ್ಷೆಗೆ ಒಂದೊಂದು ವಿಷಯ ಆರಿಸಿಕೊಳ್ಳಬೇಕಿತ್ತು. ಹೆಚ್ಚಿನವರು ಸೊಳ್ಳೆ, ಪ್ಲಾಸ್ಟಿಕ್ಕು ಎಂದರು. ಒಬ್ಬಳು ಮಾತ್ರ ಶಾಲಾ ಚೀಲದ ತೂಕ ಎಂದಳು. ಅವಳು ನಮ್ಮ ಖೋ ಖೋ ತಂಡದ ನಾಯಕಿ, ಈಚೆಗೆ ಯಾಕೋ ಮೈದಾನಕ್ಕೆ ಇಳಿಯುತ್ತಿರಲಿಲ್ಲ. ಮೈಗಳ್ಳಿಯಾಗಿದ್ದಾಳೆ, ಕುಷ್ಟಗಿಯ ಪಂದ್ಯಕ್ಕೆ ಬೇರೆಯವಳನ್ನು ಹಾಕುತ್ತೇನೆ ಎಂದು ಪಿ.ಟಿ. ಮಾಸ್ತರು ಸಾರಿಬಿಟ್ಟಿದ್ದರು. ನಾನೂ ಹಾಗೇ ತಿಳಿದಿದ್ದೆ.

ಪ್ರಶ್ನೆಗಳನ್ನು ನಾನೇ ಬರೆದುಕೊಟ್ಟೆ. ಮಕ್ಕಳ ಮೇಲೆ ಅಷ್ಟು ನಂಬಿಕೆ ನನಗೆ. 'ಶಾಲಾ ಚೀಲದ ಭಾರದಿಂದ ನಿಮಗೆ ಬೆನ್ನು ನೋವು ಉಂಟಾಗುತ್ತಿದೆಯೇ?' ಮುಂದೆ ಹೌದು, ಇಲ್ಲ ಎಂದು ಎರಡು ಚೌಕ. ಹೆಸರನ್ನೂ ಬರೆಸಿದೆ. ಎಲ್ಲರೂ ಇಲ್ಲಕ್ಕೆ ಗುರುತು ಹಾಕಿ ಕೊಟ್ಟರು. ಹೆಡ್ ಮಾಸ್ತರಿಗೆ ಬಹಳ ಖುಷಿಯಾಗಿ, ಇದನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಅಂದರು.

ಅಂಟಿಸಲು ಹೊರಟಾಗ ಹುಡುಗಿ ಚೀಲ ಎತ್ತಿಕೊಂಡು ಎದುರಿಗೆ ಬಂದಳು. ಒಂದು ಪಟ್ಟಿ ಹರಿದಿತ್ತು. ಕೊಡ ಇಟ್ಟುಕೊಂಡ ಹಾಗೆ ಚೀಲವನ್ನು ಟೊಂಕದ ಮೇಲೆ ಇಟ್ಟುಕೊಂಡು, ಮೈಯನ್ನು ಇನ್ನೊಂದು ಕಡೆಗೆ ವಾಲಿಸಿದ್ದಳು. ನೋಯುತ್ತದೇನು ಎಂದು ಕೇಳಿದೆ.

"ಬೆನ್ನ ನೋಯಂಗಿಲ್ರಿ ಸರ್. ಟೊಂಕ ಸೆಳಿತೈತ್ರಿ. ಖೋ ಖೋದಾಗ ಬಗ್ಗಿ ಕುಂತ್ರ ಏಳಾಕ ಬರಂಗಿಲ್ಲ."

ಮತ್ತೆ ಇಲ್ಲ ಎಂದು ಯಾಕೆ ಬರೆದೆ ಎಂದೆ.

"ನೀವು ಟೊಂಕ ಕೇಳಿಲ್ಲಲ್ರಿ."

ಹೌದು, ನಾನು ಕೇಳಿರಲಿಲ್ಲ. ಚೀಲ ಹೊರುವ ರೀತಿಗೆ ನಾನು ಕೊಟ್ಟ ಚೌಕಗಳು ಮೂರು: ಎರಡು ಹೆಗಲು, ಒಂದು ಹೆಗಲು, ಕೈ. ಅವಳು ಮೂರನ್ನೂ ಖಾಲಿ ಬಿಟ್ಟಿದ್ದಳು. ಅವಸರದಲ್ಲಿ ಮರೆತಿದ್ದಾಳೆ ಎಂದು ನಾನೇ 'ಎರಡು ಹೆಗಲು' ಎಂದು ತುಂಬಿದ್ದೆ. ನಾಚಿಕೆಯಾಯಿತು. ನೋಟಿಸನ್ನು ಮಡಚಿ ಜೇಬಿಗೆ ಇಟ್ಟುಕೊಂಡೆ.

ಎರಡನೆಯ ಸಲ ಪ್ರಶ್ನೆಗಳನ್ನು ಅವಳೇ ಮಾಡಿದಳು. ಹಿಂದಿನಿಂದ ಕಾಣುವಂತೆ ಒಂದು ಮಗುವಿನ ಚಿತ್ರ ಬರೆದು, 'ಎಲ್ಲಿ ತ್ರಾಸ ಆಗತೈತಿ ಅಲ್ಲಿ ಗೆರಿ ಹಾಕ್ರಿ' ಎಂದಳು. ಹೆಸರು ಬೇಡ ಎಂದಳು. ಕುತ್ತಿಗೆ, ಹೆಗಲು, ಟೊಂಕದ ತುಂಬ ಗೆರೆಗಳು ಬಂದವು. ತೂಕವನ್ನೂ ಯಾರಿಗೂ ಮೊದಲೇ ಹೇಳದೆ ನೋಡಿದೆವು, ಹೇಳಿದರೆ ಚೀಲ ಹಗುರಾಗಿ ಬರುತ್ತದೆ. ಅದೂ ಒಂದೇ ದಿನವಲ್ಲ, ವೇಳಾಪಟ್ಟಿ ದಿನಕ್ಕೊಂದು ತರಹ ಇರುತ್ತದಲ್ಲ, ಅದಕ್ಕೆ ವಾರವಿಡೀ. ಬಿಸಿಯೂಟದ ಅಕ್ಕಿ ತೂಗುವ ಕೊಕ್ಕೆಯ ತಕ್ಕಡಿಗೆ ಚೀಲ ನೇತುಹಾಕುವುದು, ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದು. ಚೀಲ ಮಗುವಿನ ತೂಕದ ಹತ್ತನೆಯ ಒಂದು ಪಾಲು ದಾಟಬಾರದು ಎನ್ನುತ್ತಾರೆ. ಅವಳು ಮೂವತ್ತು ಕಿಲೋ, ಅಂದರೆ ಚೀಲ ಮೂರು ಕಿಲೋ ಒಳಗಿರಬೇಕು. ಕೊಕ್ಕೆ ಐದೂವರೆ ತೋರಿಸಿತು.

ಚೀಲ ಬಿಚ್ಚಿ ಒಂದೊಂದು ವಿಷಯವನ್ನೂ ಬೇರೆ ಬೇರೆ ತೂಗಿದೆವು. ಎಲ್ಲಕ್ಕಿಂತ ಭಾರ ವಿಜ್ಞಾನ. ಪಠ್ಯಪುಸ್ತಕದ ಎರಡು ಭಾಗ, ಶಾಲೆಯ ನೋಟ್ಸು, ಮನೆಗೆಲಸದ ನೋಟ್ಸು, ಚಿತ್ರದ ಪುಸ್ತಕ. ನೋಟ್ಸುಗಳು ಇನ್ನೂರು ಪುಟದ ದಪ್ಪ ರಟ್ಟಿನವೇ ಆಗಬೇಕು ಎಂದು ವರ್ಷದ ಮೊದಲ ದಿನ ತಾಕೀತು ಮಾಡಿದವನು ನಾನು. ಬೇರೆ ಯಾರದಾದರೂ ವಿಷಯ ಇಷ್ಟು ತೂಗಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅವಳ ಅವ್ವನಿಗೆ ಹೇಳಿಕಳಿಸಿದೆ. ಎಲುಬಿಗೆ ಏನೂ ಆಗಿಲ್ಲ, ಮಾಂಸಖಂಡ ಹಿಡಿದಿದೆ, ಭಾರ ಇಳಿಸಿ ಎರಡೂ ಹೆಗಲಿಗೆ ಚೀಲ ಹಾಕಲಿ ಎಂದರಂತೆ ಡಾಕ್ಟರು. ಅವ್ವ ಆವತ್ತೇ ಪಟ್ಟಿ ಹೊಲಿಸಿದಳು. ಭಾರ ಇಳಿಸಬೇಕಾದ ನಾನು ಇನ್ನೂ ಹಾಗೇ ಕುಳಿತಿದ್ದೆ.

ವರದಿ ಬರೆದು ಸಹಿಗೆ ತಂದಳು. ಕೊನೆಯ ಪ್ರಶ್ನೆ, ವೇಳಾಪಟ್ಟಿಯಲ್ಲಿ ಇಲ್ಲದ ಪುಸ್ತಕವನ್ನೂ ದಿನಾ ಯಾಕೆ ತರುತ್ತೀರಿ ಎಂಬುದು. ಕೆಳಗೆ ಮಕ್ಕಳ ಉತ್ತರ, ಅವಳ ದುಂಡನೆಯ ಅಕ್ಷರದಲ್ಲಿ: 'ವಿಜ್ಞಾನ ಸರ್ ಯಾವಾಗ ಬೇಕಾದರೂ ಕೇಳುತ್ತಾರೆ. ಇಲ್ಲದಿದ್ದರೆ ಹೊರಗೆ ನಿಲ್ಲಿಸುತ್ತಾರೆ.'

"ಇದು ಇರ್ಲೇನ್ರಿ ಸರ್, ತೆಗಿಲೇನ್ರಿ?" ಎಂದಳು. ಕಣ್ಣು ಕಾಗದದ ಮೇಲೇ ಇತ್ತು.

ಇರಲಿ ಎಂದೆ. ಆ ಸಾಲಿನ ಕೆಳಗೇ ಮಾರ್ಗದರ್ಶಕರ ಸಹಿಗೆ ಜಾಗ ಬಿಟ್ಟಿದ್ದಳು, ಮಾಡಿದೆ. ಮಕ್ಕಳ ವಿಜ್ಞಾನದ ನೋಟ್ಸುಗಳು ಈಗ ತರಗತಿಯ ಕಪಾಟಿನಲ್ಲಿ ಇರುತ್ತವೆ. ಕುಷ್ಟಗಿಯ ಪಂದ್ಯಕ್ಕೆ ಅವಳು ಹೋಗಲಾಗಲಿಲ್ಲ, ಟೊಂಕ ಇನ್ನೂ ಸೆಳೆಯುತ್ತಿತ್ತು. ಆವತ್ತು ಮಧ್ಯಾಹ್ನ ತಂಡದ ಬಸ್ಸು ಹೋಗುವುದನ್ನು ಅವಳು ವರಾಂಡದಲ್ಲಿ ನಿಂತು ನೋಡುತ್ತಿದ್ದಳು, ನಾನು ಮಕ್ಕಳನ್ನು ಹೊರಗೆ ನಿಲ್ಲಿಸುತ್ತಿದ್ದ ಜಾಗದಲ್ಲೇ.