ಮೊದಲ ಮಹಡಿಯ ನೀರು

ಕಟ್ಟಡಗಳ ಕೊಳಚೆ ಕೊಳವೆಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಪ್ಲಂಬರುಗಳು ಅವಳನ್ನು ಎದುರಿಗೇ ‘ನೀರಕ್ಕ’ ಎಂದು ಕರೆಯುತ್ತಿದ್ದರು, ಅವಳಿಗೂ ಬೇಸರವಿರಲಿಲ್ಲ. ಊರಾಚೆ ಎದ್ದ ಇಪ್ಪತ್ತನಾಲ್ಕು ಮಹಡಿಯ ವಸತಿ ಗೋಪುರ ಅವಳ ಪಾಲಿಗೆ ಬಂದಾಗ, ಅದರ ಮೊದಲ ಮಹಡಿಯ ಮನೆ ಅಣ್ಣನದೆಂದು ಮೇಲಧಿಕಾರಿಗೆ ಮೊದಲೇ ಹೇಳಿದಳು.

“ಒಳ್ಳೇದೇ ಆಯ್ತಲ್ಲಮ್ಮ, ಇನ್ನೂ ಹುಷಾರಾಗಿ ನೋಡ್ತೀಯ” ಎಂದು ಅವರು ನಕ್ಕರು.

ಅಮ್ಮನ ಶ್ವಾಸಕೋಶ ಕೆಟ್ಟು ವರ್ಷಗಳಾಗಿದ್ದವು. ಈಗ ಮೂಗಿಗೆ ಆಮ್ಲಜನಕದ ನಳಿಕೆ ಬಂದಿತ್ತು. ಅಣ್ಣನ ಬಾಡಿಗೆ ಮನೆಯ ಮೆಟ್ಟಿಲು ಹತ್ತಿಳಿಯಲಾರದೆ ಅವರು ಹೊರಗೆ ಬರುವುದನ್ನೇ ಬಿಟ್ಟಿದ್ದರು. ಲಿಫ್ಟ್ ಕೆಟ್ಟರೂ ಎತ್ತಿಕೊಂಡು ಹೋಗಬಹುದೆಂದು ಅಣ್ಣ ಮೊದಲ ಮಹಡಿಯನ್ನೇ ಹುಡುಕಿ ತೆಗೆದುಕೊಂಡಿದ್ದ. ‘ನನ್ನದು ಅಂತ ಒಂದು ಕೋಣೇಲಿ ಕಣ್ಣು ಮುಚ್ತೀನಿ’ ಎನ್ನುವುದು ಅಮ್ಮನ ಒಂದೇ ಹಟ.

ಪರೀಕ್ಷೆ ಸರಳ. ಮೇಲಿನ ಮಹಡಿಗಳಲ್ಲಿ ನಾಲ್ಕು ಫ್ಲಶ್‌ಗಳನ್ನು ಒಟ್ಟಿಗೆ ಬಿಡಬೇಕು. ನೀರು ಕೊಳವೆಯ ಗೋಡೆಗೆ ಅಂಟಿಕೊಂಡು ಬೀಳುತ್ತ ನಡುವಿನ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಬುಡದಲ್ಲಿ ಕೊಳವೆ ಅಡ್ಡ ತಿರುಗುವಲ್ಲಿ ನೀರು ರಾಶಿಯಾಗಿ ದಾರಿ ಕಟ್ಟಿದಾಗ ಗಾಳಿ ಸಿಕ್ಕಿಕೊಂಡು ಒತ್ತಡ ಏರುತ್ತದೆ. ಆ ಒತ್ತಡ ಪಕ್ಕದ ಗಾಳಿ ಕೊಳವೆಯಿಂದ ತಾರಸಿಯ ಕಡೆಗೆ ಹೊರಟುಹೋಗಬೇಕು. ಹೋಗದಿದ್ದರೆ ಬುಡಕ್ಕೆ ಹತ್ತಿರದ ಮನೆಯ ಬಚ್ಚಲ ಜಾಲರಿಯ ಕೆಳಗೆ ಸದಾ ನಿಂತಿರುವ ನೀರನ್ನು ತಳ್ಳುತ್ತದೆ. ಐದು ಸೆಂಟಿಮೀಟರ್ ಆಳದ ಆ ನೀರೇ ಮನೆಗೂ ಚರಂಡಿಗೂ ನಡುವೆ ಇರುವ ಬಾಗಿಲು.

ಅವಳು ಅಣ್ಣನ ಬಚ್ಚಲಲ್ಲಿ ಕುಳಿತು ಒತ್ತಡ ಅಳೆಯುವ ಗಾಜಿನ ನಳಿಕೆಯನ್ನು ಕೊಳವೆಗೆ ಜೋಡಿಸಿ, “ಬಿಡ್ರಪ್ಪಾ!” ಎಂದು ಮೇಲಿದ್ದ ಪ್ಲಂಬರುಗಳಿಗೆ ಫೋನಿನಲ್ಲಿ ಕೂಗಿದಳು. ಬಣ್ಣದ ನೀರು ಹನ್ನೆರಡು ಮಿಲಿಮೀಟರ್ ಏರಿ ಇಳಿಯಿತು. ಮೂವತ್ತೆಂಟರವರೆಗೂ ಒಪ್ಪಿಗೆ ಇತ್ತು.

“ಪಾಸ್ ಅಣ್ಣ” ಎಂದು ಅಲ್ಲಿಂದಲೇ ಅವನಿಗೆ ಫೋನ್ ಮಾಡಿ ಹೇಳಿದಳು. ಅಣ್ಣ ಅಂದು ಸಂಜೆಯೇ ಬಾಡಿಗೆ ಮನೆ ಬಿಡುವುದಾಗಿ ಮಾಲೀಕರಿಗೆ ತಿಳಿಸಿದ.

ಮರುದಿನ ಅಲ್ಲೇ ಬಿಟ್ಟಿದ್ದ ಪರೀಕ್ಷೆಯ ಸಾಮಾನು ತರಲು ಹೋದಾಗ, ಗೋಪುರದ ಬುಡದಲ್ಲಿ ಕೊಳಚೆ ಕೊಳವೆ ಬಂದು ಸೇರುವ ಚೇಂಬರಿನ ಗುಂಡಿಗೆ ಗಾರೆ ಮೇಸ್ತ್ರಿ ಮುಚ್ಚಳ ಕೂರಿಸುತ್ತಿದ್ದ. ಅವಳು ನಿಂತಳು.

“ನಿನ್ನೆ ಇದು ತೆಗೆದಿತ್ತಾ?”

“ಹೂಂ ಅಕ್ಕಾ, ಗಾರೆ ಒಣಗ್ಲಿ ಅಂತ ಬಿಟ್ಟಿದ್ದೆ. ಯಾಕೆ, ಏನಾದ್ರೂ ಬಿದ್ದೋಯ್ತಾ?”

ಏನೂ ಬಿದ್ದಿರಲಿಲ್ಲ. ಗಾಳಿ ಕೊಳವೆ ಮಾಡಬೇಕಾದ ಕೆಲಸವನ್ನು ಆ ತೆರೆದ ಬಾಯಿ ಮಾಡಿತ್ತು. ಅವಳು ಮುಚ್ಚಳವನ್ನು ಭದ್ರವಾಗಿ ಹಾಕಿಸಿ, ಮತ್ತೆ ಅದೇ ನಾಲ್ಕು ಫ್ಲಶ್ ಬಿಡಿಸಿದಳು. ಬಣ್ಣದ ನೀರು ಅರವತ್ತು ದಾಟಿತು. ಜಾಲರಿ ಗುಳುಗುಳು ಎಂದು ಉಗುಳಿತು; ಹಿಂದೆಯೇ ಕೊಳೆತ ವಾಸನೆ ಮುಖಕ್ಕೆ ಬಡಿಯಿತು.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ನಕ್ಷೆಯಲ್ಲಿದ್ದ ಗಾಳಿ ಕೊಳವೆ ನೂರಿಪ್ಪತ್ತೈದು ಮಿಲಿಮೀಟರಿನದು. ಜಾಗ ಇಕ್ಕಟ್ಟೆಂದು ಕಟ್ಟಿದವರು ನೂರರದನ್ನು ಹಾಕಿದ್ದರು. ಅಷ್ಟು ದಪ್ಪದ್ದು ಗಿಡ್ಡ ಕಟ್ಟಡಕ್ಕೆ ಸಾಕಿತ್ತು. ಕೊಳವೆ ಉದ್ದವಾದಷ್ಟೂ ಗಾಳಿಗೆ ತಡೆ ಹೆಚ್ಚು. ಸಾಲದ್ದಕ್ಕೆ, ಮೊದಲ ಮಹಡಿಯ ಕೊಳವೆಯನ್ನು ಬುಡದ ಆ ತಿರುವಿನ ನೆತ್ತಿಯ ಮೇಲೇ ಸೇರಿಸಿದ್ದರು.

ಅಣ್ಣನ ಬಾಡಿಗೆ ಮನೆಯಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳು ನಿಂತಿದ್ದವು.

“ವಾಸನೆ ತಾನೇ? ಫಿನಾಯಿಲ್ ಹಾಕ್ತೀವಿ ಬಿಡು” ಎಂದ ಅಣ್ಣ.

“ನೀರು ಹಾರಿಹೋದ್ಮೇಲೆ ಚರಂಡಿ ಗಾಳಿ ನೇರ ಮನೇಗೆ ಬರುತ್ತಣ್ಣ. ಅಮ್ಮ ಉಸಿರಾಡೋದು ಅದನ್ನೇ.”

“ಇಲ್ಲಿ ಏನು ಉಸಿರಾಡ್ತಿದಾಳೆ ಅಂತ ನಿಂಗೆ ಗೊತ್ತಾ? ವಾರಕ್ಕೊಂದು ಸಲ ಬಂದು ಹೋಗೋಳು ನೀನು. ರಿಪೇರಿ ಎಷ್ಟು ದಿನ?”

“ನೆಲ ಒಡೀಬೇಕು. ತಿಂಗಳುಗಳೇ ಹಿಡಿಯತ್ತೆ.”

“ಅಷ್ಟು ದಿನ ಇರ್ತಾಳಾ ಇವಳು?” ದನಿ ತಗ್ಗಿಸಲು ಅವನು ಮರೆತಿದ್ದ.

ಒಳಗಿನಿಂದ ಅಮ್ಮ ಒಡೆದ ದನಿಯಲ್ಲಿ, “ಇರ್ತೀನೋ ಇಲ್ವೋ, ನೀವಿಬ್ರೂ ಮೊದ್ಲು ಊಟ ಮಾಡಿ” ಎಂದರು.

ಅವಳು ಊಟ ಮಾಡದೆ ಹೋಗಿ ವರದಿಯಲ್ಲಿ ‘ಅನುತ್ತೀರ್ಣ’ ಎಂದು ಬರೆದಳು. ಗೋಪುರಕ್ಕೆ ವಾಸದ ಅನುಮತಿ ನಿಂತಿತು. ಅತ್ತಿಗೆ ಮಾಲೀಕರ ಕೈಕಾಲು ಹಿಡಿದು ಅದೇ ಬಾಡಿಗೆ ಮನೆಯನ್ನು ಉಳಿಸಿಕೊಂಡರು. ಪೆಟ್ಟಿಗೆಗಳನ್ನು ಯಾರೂ ಬಿಚ್ಚಲಿಲ್ಲ. ಅವುಗಳ ನಡುವಿನ ಮಂಚದಲ್ಲೇ, ನೆಲ ಒಡೆಯುವ ಕೆಲಸ ಇನ್ನೂ ನಡೆದಿದ್ದಾಗ ಅಮ್ಮ ತೀರಿಕೊಂಡರು. ಅಣ್ಣ ಕೂಗಾಡಲಿಲ್ಲ. ಅವಳ ಪಕ್ಕದಲ್ಲಿ ನಿಲ್ಲಲೂ ಇಲ್ಲ.

ಮೊದಲ ಮಹಡಿಗೆ ಬೇರೆ ಕೊಳವೆ ಹಾಕಿ, ಅದನ್ನು ತಿರುವಿನಿಂದ ದೂರ ಅಡ್ಡ ಕೊಳವೆಗೆ ಸೇರಿಸಿದರು. ಗಾಳಿ ಕೊಳವೆಯನ್ನೂ ಬದಲಿಸಿದರು. ಮುಚ್ಚಳವನ್ನು ಸ್ವತಃ ತುಳಿದು ನೋಡಿ ಅವಳು ಮತ್ತೆ ಆ ಬಚ್ಚಲಲ್ಲಿ ಕುಳಿತಳು. ಬಣ್ಣದ ನೀರು ಎಂಟು ಮಿಲಿಮೀಟರ್ ಅಲುಗಿ ನಿಂತಿತು. ಮೂರು ಸಲ ನೋಡಿದಳು, ಎಂಟೇ.

ಏಳಲು ಕೈ ಚಾಚಿದಾಗ ಗೋಡೆಯಲ್ಲಿ ಉಕ್ಕಿನ ಹಿಡಿ ಸಿಕ್ಕಿತು. ಅಮ್ಮನಿಗೆಂದು ಅಣ್ಣ ಕೇಳಿ ಹಾಕಿಸಿದ್ದು. ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಸುಲಿದಿರಲಿಲ್ಲ. ಅದನ್ನು ಹಿಡಿದು ಎದ್ದು, ‘ಉತ್ತೀರ್ಣ’ ಎಂದು ಬರೆದಳು. ಅಣ್ಣನಿಗೆ ಫೋನ್ ಮಾಡಿದಳು. ಫೋನ್ ಕೊನೆಯವರೆಗೂ ರಿಂಗಾಗಿ ನಿಂತಿತು.