ಎರಡು ವಕ್ರರೇಖೆಗಳ ನಡುವೆ

ಕಾಪುವಿನಲ್ಲಿ ಪಿಯುಸಿಗೆ ಗಣಿತ ಕಲಿಸುತ್ತಿದ್ದೆ. x ಸೊನ್ನೆಗೆ ಹತ್ತಿರವಾದಾಗ x² sin(1/x)ನ ಮಿತಿ ಎಷ್ಟೆಂದು ಒಂದು ದಿನ ಕೇಳಿದೆ.

"ಸೊನ್ನೆ ಸರ್, x² ಸೊನ್ನೆಯಾಗ್ತದಲ್ವಾ," ಎಂದಿತು ಇಡೀ ತರಗತಿ.

ಉದ್ಯಾವರದಿಂದ ಬರುತ್ತಿದ್ದ, ಎಂದೂ ಬಾಯಿಬಿಡದ ಹುಡುಗಿಯೊಬ್ಬಳು ಎದ್ದು ನಿಂತಳು. "ಆದರೆ ಸರ್, sin(1/x)ಗೆ ಅಲ್ಲಿ ಮಿತಿಯೇ ಇಲ್ಲ. ಗುಣಾಕಾರದ ನಿಯಮ ಹಾಕುವುದು ಹೇಗೆ?"

ನನಗೆ ಖುಷಿಯೋ ಖುಷಿ. "ಸರಿಯಾಗಿ ಹೇಳಿದೆ. ಆದರೆ ಸೈನ್ ಎಷ್ಟು ಕುಣಿದರೂ ಎಲ್ಲಿಯವರೆಗೆ ಹೋದೀತು?"

"ಮೈನಸ್ ಒಂದರಿಂದ ಒಂದರವರೆಗೆ..." ಎಂದವಳು ತಟ್ಟನೆ ಹಲಗೆಯ ಬಳಿ ಬಂದಳು. x² ಮತ್ತು −x²ರ ವಕ್ರರೇಖೆಗಳನ್ನು ಬರೆದು, ನಡುವೆ ಅಂಕುಡೊಂಕು ಗೆರೆ ಎಳೆದಳು.

"ಇದು ಇವೆರಡರ ನಡುವೆಯೇ ಉಂಟು ಸರ್! ಎರಡೂ ಸೊನ್ನೆಗೆ ಹೋದರೆ ಇದು ಬೇರೆಲ್ಲಿಗೆ ಹೋಗುವುದು?"

ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ವರ್ಷವಿಡೀ ಅವಳು ಸುಮ್ಮನೆ ಕೂತದ್ದನ್ನು ನಾನು ಕಾಣಲಿಲ್ಲ.